ಜೊತೆಗಾರನೊಂದಿಗೆ ಸೇರಿ

ಸಂಡೂರಿನ ಗಣಿಯಲ್ಲಿ ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ನಾನೂ ನನ್ನ ಗೆಳೆಯನೂ ಗುಮಾಸ್ತರು. ಬೇರೊಂದು ಕಂಪನಿಯ ಸೂಪರ್‌ವೈಸರ್ ಹುದ್ದೆಗೆ ಇಬ್ಬರೂ ಅರ್ಜಿ ಹಾಕಿದೆವು. ಅವನದು ಮೊದಲೇ ಹೋಗಿತ್ತು. ನನ್ನ ಬಯೋಡೇಟಾದಲ್ಲಿ 'ಲಾರಿ ನೋಡಿಕೊಳ್ಳುತ್ತಿದ್ದೆ' ಎಂಬ ಸಾಲು ಕಂಡು ಹೊಸಪೇಟೆಯ ಟೈಪಿಂಗ್ ಅಂಗಡಿಯ ಅಕ್ಕ ಸಿಡುಕಿದರು.

"ನೋಡ್ಕೊಂಡು ಏನ್ ಮಾಡಿದ್ರಿ? ಅದರಿಂದ ಏನಾತು?"

"ಟೋಕನ್ ಕೊಡಾಕ ಶುರು ಮಾಡಿದ್ವಿ. ಎರಡು ತಾಸು ಕಾಯೋ ಲಾರಿ ಒಂದು ತಾಸಿಗೆ ಹೊಂಟ್ವು. ಅರ್ಧ ತಾಸು ಅಂತ ಹೊಡೀರಿ."

"ಸುಳ್ಳು ಬ್ಯಾಡ. ನೀವೊಬ್ರೇ ಮಾಡಿದ್ರೇನು?"

"ಇಲ್ರಿ, ಗೆಳೆಯನೂ ಇದ್ದ."

ಅವರು ಟೈಪ್ ಹೊಡೆದರು: 'ಜೊತೆಗಾರನೊಂದಿಗೆ ಸೇರಿ ಟೋಕನ್ ಪದ್ಧತಿ ಜಾರಿಗೆ ತಂದು, ಲಾರಿ ಕಾಯುವ ಅವಧಿಯನ್ನು ಎರಡು ತಾಸಿನಿಂದ ಒಂದಕ್ಕೆ ಇಳಿಸಿದೆ.'

ಒಂದಕ್ಷರವೂ ಸುಳ್ಳಲ್ಲ. ಸಂದರ್ಶನದಲ್ಲಿ ಆ ಸಾಲನ್ನೇ ಹಿಡಿದು ಕೇಳಿದರು, ಕೆಲಸ ಸಿಕ್ಕಿತು. ಗೆಳೆಯನಿಗೆ ಸಂದರ್ಶನದ ಕರೆಯೇ ಬರಲಿಲ್ಲ.

ಅವನಿಗೆ ನನ್ನ ಬಯೋಡೇಟಾದ ಕಾರ್ಬನ್ ಪ್ರತಿ ತೋರಿಸಿದೆ. ಆ ಸಾಲಿನ ಮೇಲೆ ಬೆರಳಿಟ್ಟು ಖುಷಿಯಿಂದ ನಕ್ಕ.

"ನನ್ನೂ ಸೇರಿಸೀಯಲ್ಲಲೇ! ನಾನು ಬರೇ ಲಾರಿ ನೋಡ್ಕೊಂತಿದ್ದೆ ಅಂತ ಬರ್ದಿದ್ದೆ."

ನಾನು ಪ್ರತಿಯನ್ನು ಮಡಚಿ ಜೇಬಿಗಿಟ್ಟೆ. ಟೋಕನ್ ಕೊಡೋಣ ಎಂದು ಮೊದಲು ಹೇಳಿದವನು ಅವನೇ.