ಮೂರನೇ ಮಹಡಿಯ ಎರಡು ಮೀಟರು

ಆ ಕಟ್ಟಡದವರೆಲ್ಲ ಅವನನ್ನು ಗೋಲಿ ಎಂದೇ ಕರೆಯುತ್ತಿದ್ದರು. ಕಟ್ಟಿ ಮುಗಿದ ಫ್ಲ್ಯಾಟನ್ನು ಕೊಂಡವರಿಗೆ ತೋರಿಸಿ, ಕುಂದುಕೊರತೆ ಪಟ್ಟಿ ಮಾಡಿ, ಕೊನೆಗೆ ಕೀಲಿ ಕೊಡುವ ಮೇಲ್ವಿಚಾರಕ ಅವನು. ಬಚ್ಚಲಿನ ಇಳಿಜಾರು ನೋಡಲು ಜೇಬಿನಿಂದ ಗೋಲಿ ತೆಗೆದು ಉರುಳಿಸುತ್ತಿದ್ದ. ನೀರು ಹೋಗುವ ಜಾಲರಿ ಮುಟ್ಟಿದರೆ ಪಾಸು, ಮೂಲೆ ಹಿಡಿದರೆ ಫೇಲು. ಮನೆಯಲ್ಲಿ ಬೇಳೆ ಡಬ್ಬಿಗೂ ತಾರೀಕು ಬರೆದು ಅಂಟಿಸುವ ಆಸಾಮಿ. "ಟೈಲ್ಸ್ ತಟ್ಟಿ ಟೊಳ್ಳು ಹುಡುಕೋರು, ನನ್ನ ಕಟ್ಕೊಳ್ಳೋವಾಗ ಯಾಕೆ ಸುಮ್ಮನಿದ್ರಿ?" ಎಂದು ಹೆಂಡತಿ ಚುಡಾಯಿಸುತ್ತಿದ್ದಳು. ಹನ್ನೊಂದು ವರ್ಷದಲ್ಲಿ ಅವನು ಕೊಟ್ಟ ಒಂದು ಕೀಲಿಯೂ ತಕರಾರು ಹೊತ್ತು ಹಿಂದಿರುಗಿರಲಿಲ್ಲ.

ಆ ಶನಿವಾರ 303ರ ಸರದಿ. ಕೊಂಡವರು ನಿವೃತ್ತ ನರ್ಸು, ಎಲ್ಲರಿಗೂ ಸಿಸ್ಟರ್. ಅವರ ಬಾಡಿಗೆ ಮನೆಗೆ ಸಂಜೆಯೇ ಬೇರೆಯವರು ಬರುವವರಿದ್ದರು. ಸಾಮಾನಿನ ಲಾರಿ ನಾಲ್ಕಕ್ಕೆ ಇಲ್ಲಿಗೆ ಬರಬೇಕು. ಗೋಲಿ ಅದಕ್ಕೆ ತಕ್ಕಂತೆ ದಿನವನ್ನು ಹಂಚಿದ್ದ: ಹತ್ತಕ್ಕೆ ಸುತ್ತು, ಮಧ್ಯಾಹ್ನದವರೆಗೆ ದುರಸ್ತಿ, ಎರಡಕ್ಕೆ ಮೀಟರಿನ ಹೆಸರು ಬದಲಾವಣೆ ಅರ್ಜಿಗೆ ಸಹಿ, ಮೂರಕ್ಕೆ ಕೀಲಿ.

ಸುತ್ತಿನಲ್ಲಿ ಹದಿನೇಳು ಕೊರತೆ ಸಿಕ್ಕವು. ಕಿಟಕಿಯ ಚಿಲಕ ಕೂರುತ್ತಿರಲಿಲ್ಲ, ಬಾಲ್ಕನಿ ಬಾಗಿಲು ನೆಲ ಕೆರೆಯುತ್ತಿತ್ತು. ಇಂಥವು ಊಟದ ಹೊತ್ತಿಗೆ ಮುಗಿದವು. ಅಡುಗೆಮನೆಯ ಎರಡು ಟೊಳ್ಳು ಟೈಲ್ಸಿಗೆ ಹದಿನೈದು ದಿನದ ಗಡುವು ಬರೆದಾಯಿತು. ಎಲ್ಲ ಹೂವೆತ್ತಿದಂತೆ ನಡೆಯಿತು, ನೆಲಮಹಡಿಯ ಮೀಟರು ಕೋಣೆಗೆ ಬರುವತನಕ.

"ಇದು ನಂದೇ ಅಂತ ಹೇಗೆ ಹೇಳ್ತೀರಪ್ಪಾ?" ಸಿಸ್ಟರ್ ಕೇಳಿದರು.

"303 ಅಂತ ಬರೆದಿದೆಯಲ್ಲ ಸಿಸ್ಟರ್."

"ಮಂಚದ ಬೋರ್ಡ್ ನೋಡಿ ನಾವು ಯಾವತ್ತೂ ಇಂಜೆಕ್ಷನ್ ಕೊಟ್ಟೋರಲ್ಲ. ಕೈಗೆ ಕಟ್ಟಿರೋ ಪಟ್ಟಿ ನೋಡ್ತಿದ್ವಿ. ರೋಗಿಗಳು ಮಂಚ ಬದಲಾಯಿಸ್ಕೊಂಡ್ಬಿಡ್ತಾರೆ."

ಗೋಲಿ ಎಲೆಕ್ಟ್ರಿಷಿಯನ್ನನ್ನು ಮೀಟರುಗಳ ಮುಂದೆ ನಿಲ್ಲಿಸಿ, ಸಿಸ್ಟರ್ ಜೊತೆ ಮೇಲೆ ಹೋಗಿ 303ರ ಮೇನ್ ಸ್ವಿಚ್ ಇಳಿಸಿದ. ಖಾಲಿ ಕೋಣೆಗಳಲ್ಲಿ ತಿರುಗುತ್ತಿದ್ದ ಫ್ಯಾನುಗಳು ನಿಂತವು. ಕೆಳಗಿನಿಂದ ಎಲೆಕ್ಟ್ರಿಷಿಯನ್ ಫೋನು ಮಾಡಿದ.

"ಆಫ್ ಮಾಡಿದ್ರಾ ಸಾರ್? 303ರ ಮೀಟರಲ್ಲಿ ಕರೆಂಟ್ ಓಡೋ ಕೆಂಪು ದೀಪ ಇನ್ನೂ ಮಿಣುಕ್ತಿದೆ. 301ರದ್ದು ನಿಂತೋಯ್ತು!"

ಗೋಲಿಗೆ ಲೆಕ್ಕ ಹೊಳೆಯಿತು. ಬಾಗಿಲಿಗೆ ನಂಬರು ಬರೆದವನು ಲಿಫ್ಟಿನ ಕಡೆಯಿಂದ ಎಣಿಸಿದ್ದ, ಕೇಬಲ್ ಎಳೆದವನು ಮೆಟ್ಟಿಲ ಕಡೆಯಿಂದ. ನಡುವಿನ 302 ಎರಡೂ ಕಡೆಯಿಂದ ನಡುವೆಯೇ, ಅಕ್ಕಪಕ್ಕದವು ಅದಲುಬದಲು. 301ರ ಕೀಲಿಯನ್ನು ಎರಡು ತಿಂಗಳ ಹಿಂದೆ ಕೊಟ್ಟವನು ಅವನೇ. ಬರೆದ ನಂಬರು ನೋಡಿ 'ಮೀಟರ್ ಸರಿ' ಎಂದು ಗುರುತು ಹಾಕಿದವನೂ ಅವನೇ.

ಮ್ಯಾನೇಜರಿಗೆ ಫೋನು ಮಾಡಿದ.

"ಸ್ವಿಚ್ಚಿನ ಕೆಳಗಿನ ಎರಡು ಕೇಬಲ್ ತಾನೆ? ಅರ್ಧ ಗಂಟೆ ಕೆಲಸ. 301ರೋರು ಕರೆಂಟ್ ಹೋಯ್ತು ಅಂದ್ಕೋತಾರೆ. ಬದಲಾಯಿಸಿ ಕೀಲಿ ಕೊಟ್ಟು ಕಳಿಸು."

"301ರೋರಿಗೆ ಹೇಳೋದು ಬೇಡ್ವಾ ಸಾರ್?"

"ಹೇಳಿ, ಅವರು ಸೋಮವಾರ ವಿದ್ಯುತ್ ಆಫೀಸಿನೋರು ಬರ್ಲಿ ಅಂತ ಕೂತ್ರೆ? ಆ ಸಿಸ್ಟರನ್ನ ಲಾರಿಯಲ್ಲೇ ಮಲಗಿಸ್ತೀಯಾ?"

ಅದು ಸುಳ್ಳಲ್ಲ. ಗಂಟೆ ಎರಡೂಕಾಲು. ಅವನು ಸಿಸ್ಟರ್ ಮುಖ ನೋಡಿದ. ಫೋನಿನ ಮಾತು ಅವರಿಗೂ ಕೇಳಿಸಿತ್ತು.

"ನನ್ನ ನೆಪ ಮಾಡ್ಕೊಂಡು ಮುಚ್ಚಿಡಬೇಡಿ," ಎಂದರು ಅವರು. "ನಾಳೆಯಿಂದ ಒಂದೇ ಮಹಡೀಲಿ ಬಾಳಬೇಕಾದೋಳು ನಾನು. ನಡೀರಿ, ಬೆಲ್ ಒತ್ತಿ."

301ರಲ್ಲಿದ್ದವರು ಭೂಗೋಳದ ಮೇಷ್ಟ್ರು. ತಮ್ಮ ಕರೆಂಟ್ ಬಿಲ್ ಎಷ್ಟು ಕಡಿಮೆ ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿ, ಮಿತವ್ಯಯದ ಬಗ್ಗೆ ಉಪದೇಶ ಕೊಡುವವರು. ಗೋಲಿ ನಡೆದದ್ದನ್ನು ನಡೆದ ಹಾಗೆ ಹೇಳಿದ. ತಪ್ಪು ನನ್ನದು ಎಂದೂ ಹೇಳಿದ.

"ಅಂದ್ರೆ ಇಷ್ಟು ದಿನ ನನಗೆ ಬಂದಿದ್ದು ಖಾಲಿ ಮನೆ ಬಿಲ್ಲಾ?"

ಒಳಗಿನಿಂದ ಅವರ ಹೆಂಡತಿಯ ನಗು ಕೇಳಿಸಿತು. "ಮೂರು ಹೊತ್ತೂ ಫ್ಯಾನ್ ಹಾಕ್ಕೊಂಡು ಮಲಗೋರಿಗೆ ಮಿತವ್ಯಯ ಎಲ್ಲಿಂದ ಬರ್ಬೇಕು!"

ಮೇಷ್ಟ್ರು ಕೆಂಪಾದರು. "ಆಫೀಸಿನೋರು ಬರೋವರ್ಗೂ ಯಾರೂ ಏನೂ ಮುಟ್ಟಕೂಡ್ದು."

"ಮೀಟರ್ ಸೀಲ್ ಮುಟ್ಟಲ್ಲ ಮೇಷ್ಟ್ರೇ. ಮೀಟರ್ ಸ್ವಿಚ್ಚಿಂದ ಮನೆ ಕಡೆ ಹೋಗೋ ಕೇಬಲ್ ಮಾತ್ರ. ಎರಡೂ ರೀಡಿಂಗು ನಿಮ್ಮ ಎದುರಿಗೇ ಫೋಟೋ ತೆಗೆದು, ಆಫೀಸಿಗೆ ಪತ್ರ ಬರೆದು ನನ್ನ ಸಹಿ ಹಾಕ್ತೀನಿ. ಮೊದಲು ನಿಮ್ಮ ಮೇನ್ ಇಳಿಸಿ. ಯಾವ ದೀಪ ನಿಲ್ಲುತ್ತೆ ನೀವೇ ನೋಡಿ."

ಮೇಷ್ಟ್ರು ಮೇನ್ ಇಳಿಸಿ, ಕೆಳಗೆ ಬಂದು, ಕನ್ನಡಕ ಏರಿಸಿ 303ರ ಮೀಟರನ್ನು ಬಹಳ ಹೊತ್ತು ನೋಡಿದರು. ದೀಪ ಮಿಣುಕಲಿಲ್ಲ. "ಹೂಂ, ಮಾಡಿ," ಎಂದರು.

ಕೇಬಲ್ ಬದಲಾಗಿ, ಎರಡೂ ಮನೆಗಳ ಪರೀಕ್ಷೆ ಮುಗಿಯುವ ಹೊತ್ತಿಗೆ ಮೂರೂ ಮುಕ್ಕಾಲು. ಪಟ್ಟಿಯಲ್ಲಿ ಹದಿನೆಂಟನೆಯದಾಗಿ ಗೋಲಿ ಬರೆದ: 'ಮೀಟರ್ ಅದಲುಬದಲು. 301 ಕೊಡುವಾಗ ನಾನು ಪರೀಕ್ಷಿಸಿರಲಿಲ್ಲ.' ಸಿಸ್ಟರ್ ಅದನ್ನು ಓದಿ ಸಹಿ ಹಾಕಿದರು. ಮುಂಬಾಗಿಲಿನ ಮೂರು, ಒಳಗಿನ ನಾಲ್ಕು ಕೀಲಿ ಎಣಿಸಿಕೊಂಡರು. ಅಷ್ಟರಲ್ಲಿ ಗೇಟಿನಲ್ಲಿ ಲಾರಿಯ ಹಾರ್ನು.

ಗೋಲಿ ಮನೆಗೆ ಹೊರಡಲಿಲ್ಲ. ಆರೂ ಮಹಡಿಗೆ ಕೇಬಲ್ ಎಳೆದವನು ಒಬ್ಬನೇ, ಬಾಗಿಲಿಗೆ ನಂಬರು ಬರೆದವನೂ ಒಬ್ಬನೇ. ಎಲೆಕ್ಟ್ರಿಷಿಯನ್ನನ್ನು ಮೀಟರು ಕೋಣೆಯಲ್ಲಿ ನಿಲ್ಲಿಸಿ, ಮೊದಲ ಮಹಡಿಗೆ ಹತ್ತಿ, 101ರ ಬೆಲ್ ಒತ್ತಿದ.