ಮೇಲಿನ ಚಿಲಕಕ್ಕೊಂದು ಕಾರಣ

ಇಪ್ಪತ್ತೇಳು ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರ ಬಾಯಲ್ಲಿ ಜೇನು ಸುರಿಯಬೇಕೆಂದರೆ ಎಲ್ಲಿಂದ ಸುರಿದೀತು? ಹುಡುಗಿಯರು ಅವರಿಗೆ ಇಟ್ಟಿದ್ದ ಹೆಸರೇ ಕೂಡದಮ್ಮ. ಓಡಕೂಡದು, ನಗಕೂಡದು, ಕಿಟಕಿಯಲ್ಲಿ ನಿಲ್ಲಕೂಡದು. ನಿವೃತ್ತಿಯ ನಂತರ ಮನೆಯ ಮುಂದಿನ ಎರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದಾಗಲೂ ಗೋಡೆಗೆ ಅಂಟಿಸಿದ್ದು ಅದೇ ಧಾಟಿಯ ಹದಿನೇಳು ನಿಯಮ. ಬಂದವರು ಎರಡನೇ ದಿನಕ್ಕೇ ಗಂಟುಮೂಟೆ ಕಟ್ಟುತ್ತಿದ್ದರು. ಬುಕಿಂಗ್ ಸೈಟಿನಲ್ಲಿ ಒಬ್ಬ ಪುಣ್ಯಾತ್ಮ, 'ಕೋಣೆ ಚೊಕ್ಕಟವಾಗಿದೆ, ಆದರೆ ನಾವೇನು ತಪ್ಪು ಮಾಡಿದೆವೋ ಗೊತ್ತಾಗಲಿಲ್ಲ' ಎಂದು ಬರೆದಿದ್ದ.

ದೊಡ್ಡ ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಕೆಲಸ ಮಾಡುವ ತಮ್ಮನ ಮಗಳು ರಜೆಯಲ್ಲಿ ಬಂದವಳು ಆ ಹಾಳೆ ಓದಿ ಹಣೆ ಚಚ್ಚಿಕೊಂಡಳು.

"ಅತ್ತೆ, ಕನ್ನಡದಲ್ಲಿ 'ದಯವಿಟ್ಟು' ಅಂತಾದ್ರೂ ಇದೆ. ಇಂಗ್ಲಿಷಲ್ಲಿ ಎಲ್ಲಾ ದೊಡ್ಡಕ್ಷರ, ಎಲ್ಲಾ 'ನಾಟ್ ಅಲೋಡ್'. ಒಂದೇ ಮನೇಲಿ ಒಬ್ರಿಗೆ ಕೈ ಮುಗಿದು ಇನ್ನೊಬ್ರಿಗೆ ಕೋಲು ತೋರ್ಸಿದ ಹಾಗಿದೆ."

ಇಬ್ಬರೂ ಊಟದ ಮೇಜಿಗೆ ಕೂತರು. ಹದಿನೇಳು ನಿಯಮ ಆರಕ್ಕಿಳಿಯಿತು. ಮೊದಲು ಸ್ವಾಗತ, ಆಮೇಲೆ ಕಾರಣ, ಕೊನೆಗೆ ಕೋರಿಕೆ. ಎರಡು ಭಾಷೆಯಲ್ಲೂ ಒಂದೇ ದನಿ. 'ಹತ್ತರ ನಂತರ ಗಲಾಟೆ ಕೂಡದು' ಎಂಬುದು, 'ಪಕ್ಕದ ಮನೆಯಲ್ಲಿ ಎಳೆಗೂಸಿದೆ, ಹತ್ತರ ಮೇಲೆ ಮೆಲ್ಲಗೆ ಮಾತಾಡೋಣ' ಎಂದಾಯಿತು. ಬಿಸಿನೀರಿನ ನಿಯಮಕ್ಕೂ ಕಾರಣ ಸಿಕ್ಕಿತು: ಟ್ಯಾಂಕು ಚಿಕ್ಕದು, ಮುಂದಿನವರಿಗೂ ಉಳಿಯಲಿ.

"ಕಾರಣ ಗೊತ್ತಾದ್ರೆ ಜನ ತಾವಾಗೇ ಪಾಲಿಸ್ತಾರೆ ಅತ್ತೆ. ಗೇಟಿಂದು ಏನು ಬರೀಲಿ?"

ಅಲ್ಲಿ ಕೂಡದಮ್ಮ ತಡವರಿಸಿದರು. ಗೇಟಿಗೆ ಎರಡು ಚಿಲಕ. ಮೇಲಿನದು ಮನೆಯ ಯಜಮಾನರಿಗಾಗಿ ಹಾಕಿಸಿದ್ದು. ಬಸ್ ಕಂಡಕ್ಟರಾಗಿದ್ದ ಅವರಿಗೆ ಮೂರು ವರ್ಷದಿಂದ ಮರೆವಿನ ಕಾಯಿಲೆ. ಹಾರನ್ ಕೇಳಿದರೆ ಸಾಕು, ಡ್ಯೂಟಿಗೆ ಹೊತ್ತಾಯಿತೆಂದು ಎದ್ದು ಹೊರಡುತ್ತಿದ್ದರು. ಕೆಳಗಿನ ಚಿಲಕ ತೆಗೆಯುವುದು ಅವರ ಕೈಗೆ ನೆನಪಿತ್ತು. ಹೊಸದಾಗಿ ಬಂದ ಮೇಲಿನ ಚಿಲಕ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಅವರಿದ್ದಾರೆಂಬುದನ್ನು ಕೂಡದಮ್ಮ ಅತಿಥಿಗಳ ಕಿವಿಗೆ ಬೀಳಗೊಟ್ಟವರಲ್ಲ.

"ನಿಜ ಬರೆಯೋಣ ಅತ್ತೆ. 'ಮಾವನಿಗೆ ಮರೆವು, ಮೇಲಿನ ಚಿಲಕ ಹಾಕಿ' ಅಂತ."

"ತಲೆ ಸರಿಯಿಲ್ಲದವ್ರು ಇರೋ ಮನೇಲಿ ಯಾರಮ್ಮ ಉಳ್ಕೊಳ್ತಾರೆ? ಬೀದಿನಾಯಿ ಬರುತ್ತೆ ಅಂತ ಬರಿ."

ಹುಡುಗಿ ಅತ್ತೆ ಹೇಳಿದಂತೆಯೇ ಎರಡು ಭಾಷೆಯಲ್ಲೂ ಬರೆದಳು. ಹಳೆಯ ಹಾಳೆಯಲ್ಲಿ ಚಿಲಕದ ಸಾಲು ಕೆಂಪು ಶಾಯಿಯಲ್ಲಿ ಗದರುತ್ತಿತ್ತು, ಹೆದರಿಯಾದರೂ ಜನ ಚಿಲಕ ಹಾಕುತ್ತಿದ್ದರು. ಹೊಸದು ಉಳಿದ ಐದರ ಜೊತೆ ನಗುನಗುತ್ತಾ ಕೂತಿತು.

ಕೋಣೆಗಳು ತುಂಬತೊಡಗಿದವು. 'ನಿಯಮ ಓದಿದರೆ ನೆಂಟರ ಮನೆಗೆ ಬಂದಂತಾಯಿತು' ಎಂದು ಬರೆದವರೂ ಇದ್ದರು. ಕೂಡದಮ್ಮ ಅದನ್ನು ಗಂಡನಿಗೆ ಓದಿ ಹೇಳಿದರು. ಅವರು ಗಂಭೀರವಾಗಿ, "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂದರು.

ನಾಲ್ಕನೇ ತಿಂಗಳು ಮೇಷ್ಟ್ರು ದಂಪತಿಗಳು ಬಂದರು. ಬಲು ಮರ್ಯಾದಸ್ಥರು, ಆರೂ ನಿಯಮ ಓದಿ ತಲೆದೂಗಿದವರು. ಬೆಳಿಗ್ಗೆ ಹನ್ನೊಂದಕ್ಕೆ ಮೂಲೆಯಂಗಡಿಗೆ ಹೊರಟರು. ಬೀದಿಯ ಎರಡೂ ಕಡೆ ನೋಡಿದರು. ಒಂದು ನಾಯಿಯೂ ಇರಲಿಲ್ಲ. ಹತ್ತು ನಿಮಿಷದ ಮಾತು, ಕೆಳಗಿನ ಚಿಲಕ ಸಾಕೆಂದುಕೊಂಡರು. ಕೂಡದಮ್ಮ ಮಹಡಿಯ ಮೇಲೆ ಹಾಸಿಗೆಯ ಹೊದಿಕೆಗಳನ್ನು ಒಣಹಾಕುತ್ತಿದ್ದರು. ಇಳಿದು ಬಂದಾಗ ಗೇಟು ಹಾರುಹೊಡೆದಿತ್ತು, ಹಿಂದಿನ ಕೋಣೆ ಖಾಲಿಯಿತ್ತು.

ಪೊಲೀಸ್ ಠಾಣೆ, ಆಸ್ಪತ್ರೆ, ಬಸ್ ನಿಲ್ದಾಣ, ಡಿಪೊ ಎಲ್ಲ ಆಯಿತು. ಅಂತಹವರೊಬ್ಬರು ಬಸ್ ಹತ್ತಿದ್ದನ್ನು ಕಂಡೆನೆಂದು ಹಣ್ಣಿನವನು ಹೇಳಿದ. ಯಾವ ಬಸ್ಸೋ ಅವನಿಗೆ ಗೊತ್ತಿರಲಿಲ್ಲ. ಮೇಷ್ಟ್ರು ಮೂರು ದಿನ ಊರೆಲ್ಲ ತಿರುಗಿದರು. ಹೊರಡುವಾಗ ಅವರ ಹೆಂಡತಿ ಕೂಡದಮ್ಮನ ಕೈ ಹಿಡಿದು ಅತ್ತರು.

"ಒಂದು ಮಾತು ಹೇಳಿದ್ರೆ ನಾವೇ ಕಾವಲು ಕೂರ್ತಿದ್ವಿ, ಅಮ್ಮಾ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತು ಕೂಡದಮ್ಮನ ಎದೆಯಲ್ಲಿ ಹಾಗೇ ಕೂತುಬಿಟ್ಟಿತು. ಗಂಡನನ್ನು ಕಳೆದದ್ದು ಆ ದಂಪತಿಯಲ್ಲ, ತನ್ನ ನಾಚಿಕೆ ಎಂದು ಅವರಿಗೆ ಗೊತ್ತಿತ್ತು.

ಯಜಮಾನರ ಸುಳಿವಿಲ್ಲದೆ ಏಳು ತಿಂಗಳಾಗಿದೆ. ತಮ್ಮನ ಮಗಳು ಮತ್ತೆ ಬಂದಾಗ ನಾಯಿಯ ಸಾಲನ್ನು ತೆಗೆದುಬಿಡೋಣವೆಂದಳು. ಕೂಡದಮ್ಮ ಆಗಲೇ ಹೊಸ ಹಾಳೆ ಅಂಟಿಸಿದ್ದರು. ಕನ್ನಡದಲ್ಲಿ ಬರೆದು, ಅದರ ಕೆಳಗೆ ಇಂಗ್ಲಿಷಿನಲ್ಲೂ ಅಷ್ಟೇ ಮಾತು, ಸ್ವಂತ ಕೈಬರಹದಲ್ಲಿ:

'ನಮ್ಮ ಯಜಮಾನರಿಗೆ ಮರೆವಿದೆ, ಹೊರಗೆ ಹೋಗಿದ್ದಾರೆ. ಮೇಲಿನ ಚಿಲಕ ತೆಗೆಯಲು ಅವರಿಗೆ ಬರುವುದಿಲ್ಲ. ದಯವಿಟ್ಟು ಅದನ್ನು ಹಾಕಬೇಡಿ.'