ಸೋಮವಾರದಿಂದ ಹೊಸ ಆ್ಯಪ್

ಕ್ಯಾನ್ಸರ್ ರೋಗಿಗಳ ಮನೆಗೇ ಹೋಗಿ ನೋವಿಗೆ ಔಷಧಿ ಕೊಡುವ ಸಂಸ್ಥೆಯೊಂದರ ಹುಣಸೂರು ಕಚೇರಿಯಲ್ಲಿ ನಾನು ಸಂಯೋಜಕನಾಗಿದ್ದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಹೀಗೆ ತಾಲ್ಲೂಕಿಗೊಂದು ತಂಡ. ಯಾರ ಮನೆಗೆ ಯಾವತ್ತು ಹೋಗಬೇಕೆಂಬುದು ಎಕ್ಸೆಲ್ ಶೀಟಿನಲ್ಲಿರುತ್ತಿತ್ತು. ಅದರ ಬದಲು ಆ್ಯಪ್ ತರುವುದೆಂದು ತೀರ್ಮಾನವಾದಾಗ, ತಂಡಗಳಿಗೆ ಮೇಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಚೆನ್ನಾಗಿಯೇ ಬರೆದೆ. ಶೀಟನ್ನು ನಾಲ್ಕು ಜನ ತಿದ್ದಿದರೆ ಯಾವುದು ಸರಿ ಎಂದು ತಿಳಿಯುವುದಿಲ್ಲ, ಭೇಟಿ ತಪ್ಪುತ್ತದೆ, ಆ್ಯಪ್ ನೆನಪಿಸುತ್ತದೆ ಎಂದು ಕಾರಣ ಕೊಟ್ಟೆ. ಬುಧವಾರ ಹುಣಸೂರಿನಲ್ಲಿ, ಗುರುವಾರ ಕೆ.ಆರ್. ನಗರದಲ್ಲಿ ತರಬೇತಿ. ಶುಕ್ರವಾರದೊಳಗೆ ನಿಮ್ಮ ನಿಮ್ಮ ಪಟ್ಟಿ ನೋಡಿಕೊಳ್ಳಿ. ಸೋಮವಾರದಿಂದ ಆ್ಯಪ್ ಮಾತ್ರ, ಹಳೆಯ ಶೀಟಿಗೆ ಬೀಗ.

ಎಚ್.ಡಿ. ಕೋಟೆ ತಂಡದ ಹಿರಿಯ ಸಿಸ್ಟರ್ ಮಾತ್ರ ಉತ್ತರಿಸಿದ್ದರು. ಕಾಡಂಚಿನ ಆದಿವಾಸಿ ಹಾಡಿಗಳಲ್ಲಿ ಸಿಗ್ನಲ್ ಇರುವುದಿಲ್ಲ, ಒಂದು ತಿಂಗಳು ಎರಡನ್ನೂ ಇಟ್ಟುಕೊಳ್ಳಬಹುದೇ ಎಂದು ಕೇಳಿದ್ದರು. ಎರಡಿದ್ದರೆ ಯಾರೂ ಹೊಸದನ್ನು ಬಳಸುವುದಿಲ್ಲವೆಂದು ನಾನು ಒಪ್ಪಲಿಲ್ಲ. ತರಬೇತಿಯ ಎರಡೂ ದಿನ ಅವರು ಸಾಯುತ್ತಿದ್ದ ರೋಗಿಯೊಬ್ಬರ ಬಳಿ ಇದ್ದರು. ಮರುದಿನವೇ ಜ್ವರ ಬಂದು ರಜೆ ಹಾಕಿದರು.

ಸೋಮವಾರ ಅವರ ಬದಲಿಗೆ ಪಿರಿಯಾಪಟ್ಟಣದ ನರ್ಸ್ ಹೋದರು. ಆ್ಯಪ್ ತೋರಿಸಿದ ಮನೆಗಳಿಗೆಲ್ಲ ಹೋಗಿಬಂದರು. ತೋರಿಸದ ಮನೆಯೊಂದಿತ್ತು. ಬಾಯಿಯ ಕ್ಯಾನ್ಸರ್ ಆಗಿದ್ದ ಹೆಂಗಸೊಬ್ಬರು, ಮಗಳ ಜೊತೆ ಇದ್ದರು. ಮನೆಯಲ್ಲಿ ಫೋನಿರಲಿಲ್ಲ. ನಂಬರಿಲ್ಲದ ಹೆಸರನ್ನು ಆ್ಯಪ್ ಒಳಗೆ ತೆಗೆದುಕೊಂಡಿರಲಿಲ್ಲ. ಹೀಗೆ ಬಿಟ್ಟುಹೋದವರ ಪಟ್ಟಿಯನ್ನು ಆ್ಯಪ್ ಮಾಡಿದವರು ನನಗೆ ಕಳಿಸಿಯೂ ಇದ್ದರು. ನಾನು ಅದನ್ನು ತೆರೆದಿರಲಿಲ್ಲ.

ಮಂಗಳವಾರವೇ ಆ ಹೆಂಗಸಿನ ನೋವಿನ ಮಾತ್ರೆ, ಮಾರ್ಫಿನ್, ಮುಗಿದಿತ್ತು. ಶನಿವಾರ ಕೆಲಸಕ್ಕೆ ಮರಳಿದ ಸಿಸ್ಟರ್ ತಮ್ಮ ಪಟ್ಟಿಯಲ್ಲಿ ಆ ಹೆಸರು ಕಾಣದೆ ನನಗೆ ಫೋನ್ ಮಾಡಿದರು. ಜೀಪಿನಲ್ಲಿ ಇಬ್ಬರೂ ಹೋದೆವು. ಆ ತಾಯಿ ಗೋಡೆಗೆ ಹಣೆ ಒತ್ತಿ ಕೂತಿದ್ದರು. ಕೂಗುವ ಶಕ್ತಿಯೂ ಉಳಿದಿರಲಿಲ್ಲ. ಸಿಸ್ಟರ್ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಹನಿಹನಿಯಾಗಿ ಕುಡಿಸಿದರು.

ಮಗಳು ನನ್ನನ್ನೇ ನೋಡುತ್ತಾ ಹೇಳಿದಳು: "ದಿನಾ ರಸ್ತೆಗೆ ಬಂದು ಜೀಪ್ ನೋಡ್ತಿದ್ದೆ ಕಣ್ರೀ. ಅವ್ವ ಸತ್ತೋಯ್ತು ಅಂತ ನಿಮ್ಗೆ ಯಾರಾರಾ ಯೋಳಿದ್ರಾ?"

ಇಲ್ಲವೆಂದೆ. ತಪ್ಪು ನನ್ನದೆಂದು ಹೇಳಿದೆ. ಅವಳು ಲೋಟ ತೊಳೆಯಲು ಎದ್ದುಹೋದಳು.

ಹಿಂದಿರುಗುವಾಗ ಸಿಸ್ಟರ್ ಒಂದೇ ಮಾತು ಆಡಿದರು. "ಇನ್ನೂ ಯಾರ್‍ಯಾರು ಬುಟ್ಟೋಗವ್ರೆ ನೋಡಿ ಸಾರ್, ಮೊದ್ಲು."

ತೆರೆಯದೆ ಬಿಟ್ಟಿದ್ದ ಆ ಪಟ್ಟಿಯಲ್ಲಿ ಇನ್ನೂ ಆರು ಜನರಿದ್ದರು. ಭಾನುವಾರ ಆರು ಮನೆಗಳಿಗೂ ತಂಡಗಳು ಹೋದವು. ಕೆ.ಆರ್. ನಗರದ ಕಡೆ ಒಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಕೊನೆಯ ದಿನಗಳು ಹೇಗಿದ್ದವೆಂದು ಕೇಳುವ ಧೈರ್ಯ ನನಗಾಗಲಿಲ್ಲ.